ಸೊನ್ನೆ ತೋರಿಸಿದ ಜಾಗ

ಶ್ರೀನಾಥನಿಗೆ ಸದ್ದೆಂದರೆ ಆಗುತ್ತಿರಲಿಲ್ಲ. ಹಾಗಂತ ಅವನೇನು ತಪಸ್ಸಿಗೆ ಕೂತ ಮುನಿಯಲ್ಲ. ತಾನು ಮಾತ್ರ ಗಂಟಲು ಹರಿಯುವ ಹಾಗೆ ಕೂಗಾಡುತ್ತಿದ್ದ. ಎದುರಿನವರು ಬಾಯಿ ತೆರೆದರೆ ಮಾತ್ರ ಅವನಿಗೆ ತಲೆನೋವು ಬರುತ್ತಿತ್ತು. ತನ್ನ ಮಾತು ಮುಗಿದ ಮೇಲೆ ಯಾರೂ ಉಸಿರೆತ್ತದಿದ್ದರೆ, 'ಮೌನಂ ಸಮ್ಮತಿ ಲಕ್ಷಣಂ' ಎಂದು ಮೇಜು ತಟ್ಟಿ ಏಳುವುದು ಅವನ ಪದ್ಧತಿ. ಅವನಿಗೆ ಗೊತ್ತಿದ್ದ ಸಂಸ್ಕೃತ ಅಷ್ಟೇ. ಅಷ್ಟರಲ್ಲೇ ಒಂದು ಕಂಪನಿಯನ್ನು ಏಳು ವರ್ಷ ನಡೆಸಿದ್ದ.

ಕಂಪನಿಯ ಹೆಸರು ಅಣ್ಣಮ್ಮ ಟೆಸ್ಟಿಂಗ್ ಸರ್ವೀಸಸ್. ಅಣ್ಣಮ್ಮ ಅವನ ತಾಯಿ. ದೊಮ್ಮಲೂರಿನ ಹಳೇ ಮನೆತನ, ಒಂದು ಕಾಲಕ್ಕೆ ರಾಗಿ ಬೆಳೆದ ಹೊಲಗಳ ಮೇಲೆ ಈಗ ಆಫೀಸುಗಳು ಬೆಳೆದಿದ್ದವು. ಕೆ.ಆರ್. ಪುರಂ ಸ್ಟೇಷನ್ನಿನ ಹಿಂದೆ ಉಳಿದಿದ್ದ ಒಂದು ತುಂಡು ನೆಲಕ್ಕೆ ಎತ್ತರದ ಕಾಂಪೌಂಡು ಹಾಕಿಸಿ, ಮೂಲೆಯಲ್ಲೊಂದು ಶೆಡ್ ಕಟ್ಟಿಸಿ, ಶ್ರೀನಾಥ ಪೈಪುಗಳ ಎಕ್ಸ್‌ರೇ ತೆಗೆಯುವ ಕೆಲಸ ಶುರು ಮಾಡಿದ್ದ. ಬಾಯ್ಲರು, ಪೈಪು ಮಾಡುವ ಕಾರ್ಖಾನೆಗಳಿಗೆ ತಮ್ಮ ವೆಲ್ಡಿಂಗಿನ ಒಳಗೆ ಬಿರುಕಿದೆಯೋ ಇಲ್ಲವೋ ತಿಳಿಯಬೇಕು. ಅದಕ್ಕೆ ಬೆಸುಗೆಯ ಒಂದು ಕಡೆ ಫಿಲ್ಮ್ ಅಂಟಿಸಿ, ಇನ್ನೊಂದು ಕಡೆಯಿಂದ ವಿಕಿರಣ ಹಾಯಿಸುತ್ತಾರೆ. ವಿಕಿರಣ ಬರುವುದು ಇರಿಡಿಯಂ ಎಂಬ ಲೋಹದ ಚೂರಿನಿಂದ. ಕಡಲೆಕಾಳಿಗಿಂತ ಚಿಕ್ಕದು, ಎಲ್ಲರೂ ಕರೆಯುವುದು ಸೋರ್ಸ್ ಎಂದು. ಅದರ ವಾಸ ಕ್ಯಾಮೆರಾ ಎಂಬ ಭಾರದ ಪೆಟ್ಟಿಗೆಯೊಳಗೆ. ದೂರದಲ್ಲಿ ನಿಂತು ಹ್ಯಾಂಡಲ್ ತಿರುಗಿಸಿದರೆ ಒಂದು ಕೇಬಲ್ಲು ಸೋರ್ಸನ್ನು ನಳಿಕೆಯೊಳಗೆ ತಳ್ಳಿಕೊಂಡು ಬೆಸುಗೆಯವರೆಗೆ ಒಯ್ಯುತ್ತದೆ. ತಿರುಗಾ ಸುತ್ತಿದರೆ ಪೆಟ್ಟಿಗೆಯೊಳಗೆ ಎಳೆದು ತರುತ್ತದೆ, ಅಥವಾ ತರಬೇಕು.

ತಂದಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ಹೇಳಬೇಕಾದದ್ದು ಮೀಟರು. ನಮ್ಮ ಕತೆಯೆಲ್ಲ ಇರುವುದು ಆ ಮೀಟರಿನಲ್ಲಿ.

ಕಂಪನಿಯಲ್ಲಿ ಎರಡು ಮೀಟರುಗಳಿದ್ದವು. ಹಳೆಯದು ದಪ್ಪ ಬೂದು ಬಣ್ಣದ್ದು, ಸ್ಪೀಕರ್ ಇದ್ದದ್ದು. ವಿಕಿರಣ ಕಂಡರೆ ಟಿಕ್ ಟಿಕ್ ಎನ್ನುತ್ತಿತ್ತು, ಹೆಚ್ಚು ಕಂಡರೆ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿತ್ತು. ಮಾಲೀಕನಿಗೂ ಅದಕ್ಕೂ ಎಣ್ಣೆ ಸೀಗೇಕಾಯಿ. ಕಾರ್ಖಾನೆಯವರು ನೋಡಲು ಬಂದಾಗ ಅದು ಬಡಕೊಂಡು ಅವರನ್ನು ಹೆದರಿಸುತ್ತದೆ ಎಂದು ಅವನ ದೂರು. ಅದಕ್ಕೇ ಆ ವರ್ಷ ಹೊಸದೊಂದನ್ನು ತಂದ. ತೆಳ್ಳಗೆ, ಬೆಳ್ಳಗೆ, ಸ್ಪೀಕರೇ ಇಲ್ಲ. ಕ್ಯಾಮೆರಾದ ಮೈಗೆ ಹಿಡಿದರೆ ಹಳೆಯದಕ್ಕಿಂತ ಒಂದು ಗೆರೆ ಕಡಿಮೆಯನ್ನೇ ತೋರಿಸುತ್ತಿತ್ತು. "ನೋಡ್ರೀ, ಎಷ್ಟು ಸಮಾಧಾನ," ಎಂದು ಅದರ ಬೆನ್ನು ಸವರಿದ.

ಅವನ ಸಂತೋಷಕ್ಕೆ ಅಡ್ಡಬಂದವಳು ರೇವತಿ. ರಾಯಚೂರಿನ ಕಡೆಯ ಹುಡುಗಿ, ಫಿಸಿಕ್ಸಿನಲ್ಲಿ ಎಂ.ಎಸ್ಸಿ., ವಿಕಿರಣ ಸುರಕ್ಷತೆಯ ಪರೀಕ್ಷೆ ಪಾಸು ಮಾಡಿ ಸೇಫ್ಟಿ ಆಫೀಸರ್ ಆಗಿದ್ದವಳು. ಅಂಥವರೊಬ್ಬರು ಇಲ್ಲದೆ ಲೈಸೆನ್ಸು ಸಿಗುವುದಿಲ್ಲವಾದ್ದರಿಂದ ಶ್ರೀನಾಥ ಅವಳನ್ನು ಇಟ್ಟುಕೊಂಡಿದ್ದ. ಗೋಡೆಗೆ ಕ್ಯಾಲೆಂಡರ್ ಬೇಕಲ್ಲ, ಹಾಗೆ.

"ಸರ್, ಈ ಮೀಟರಿಗೆ ಕಡಿಮೆ ವಿಕಿರಣ ಅಳೆಯೋಕೆ ಬರುತ್ತೆ. ಜಾಸ್ತಿಯಾದ್ರೆ ಇದು ಉಸಿರು ಕಟ್ಟಿ ಕೂತುಬಿಡುತ್ತೆ," ಎಂದಳು ರೇವತಿ.

"ಏನ್ರೀ ಹಂಗಂದ್ರೆ? ಜಾಸ್ತಿಯಾದ್ರೆ ಜಾಸ್ತಿ ತೋರಿಸುತ್ತೆ. ಮೀಟರ್ ಅಂದ್ಮೇಲೆ ಅದೇ ತಾನೆ ಕೆಲಸ?"

"ಒಳಗಿರೋದು ಗ್ಯಾಸ್ ತುಂಬಿದ ಟ್ಯೂಬು ಸರ್. ನಡುವೆ ಒಂದು ಸಣ್ಣ ತಂತಿ, ಅದಕ್ಕೆ ನೂರಾರು ವೋಲ್ಟು. ಒಂದು ಕಿರಣ ಬಂದು ಒಂದೇ ಒಂದು ಎಲೆಕ್ಟ್ರಾನ್ ಕಿತ್ತರೂ ಸಾಕು, ಅದು ತಂತಿ ಕಡೆ ಓಡ್ತಾ ಓಡ್ತಾ ಇನ್ನಷ್ಟನ್ನ ಕೀಳುತ್ತೆ, ಅವು ಇನ್ನಷ್ಟನ್ನ. ತಂತಿ ಉದ್ದಕ್ಕೂ ಎಲೆಕ್ಟ್ರಾನುಗಳ ಪ್ರವಾಹ. ಅದೇ ಒಂದು ಟಿಕ್. ಆದ್ರೆ ಎಲೆಕ್ಟ್ರಾನ್ ಕಳಕೊಂಡ ಅಣುಗಳು ಭಾರ ಸರ್, ನಿಧಾನ. ಅವು ತಂತಿ ಸುತ್ತ ಕವಚದ ಹಾಗೆ ನಿಂತಿರ್ತಾವೆ. ಅವು ಗೋಡೆ ಕಡೆ ಸರಿಯೋ ತನಕ ತಂತಿಗೆ ಬಲ ಇರಲ್ಲ, ಟ್ಯೂಬು ಕಿವುಡು. ಅಷ್ಟರಲ್ಲಿ ಬಂದ ಕಿರಣ ಲೆಕ್ಕಕ್ಕಿಲ್ಲ. ಅದನ್ನ ಡೆಡ್ ಟೈಮ್ ಅಂತಾರೆ."

"ಎಷ್ಟು ಹೊತ್ತು ಕಿವುಡು?"

"ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಇಲ್ಲ."

ಶ್ರೀನಾಥ ಹೊಟ್ಟೆ ಕುಣಿಸಿ ನಕ್ಕ. "ಅಷ್ಟಕ್ಕೆ ಇಷ್ಟು ಪುರಾಣನಾ? ನಮ್ಮ ಮನೆಯವಳು ಸೀರಿಯಲ್ ಟೈಮಲ್ಲಿ ಅದಕ್ಕಿಂತ ಜಾಸ್ತಿ ಕಿವುಡು."

ರೇವತಿ ನಗಲಿಲ್ಲ. ಮನುಷ್ಯನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ನೋಡೋಣವೆಂದು ಬಿಟಿಎಸ್ ಬಸ್ಸಿನ ಉದಾಹರಣೆಗೆ ಇಳಿದಳು. "ಶಿವಾಜಿನಗರದಿಂದ ಬರೋ ಬಸ್ಸಿನ ಕಂಡಕ್ಟರನ್ನ ನೆನೆಸ್ಕೊಳ್ಳಿ. ಸ್ಟಾಪಿಗೆ ಒಬ್ಬ ಹತ್ತಿದ್ರೆ ಒಂದೂ ತಪ್ಪದೆ ಟಿಕೆಟ್ ಕೊಡ್ತಾನೆ. ಹಲಸೂರಲ್ಲಿ ಗುಂಪು ನುಗ್ಗಿದ್ರೆ? ಒಬ್ಬನಿಗೆ ಹರೀತಾ ಇರುವಾಗ ಇಬ್ಬರು ಹಿಂದಿನ ಬಾಗಿಲಲ್ಲಿ ಹತ್ತಿ ಇಳಿದಿರ್ತಾರೆ. ಒಂದು ಟಿಕೆಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗೊತ್ತಿದ್ರೆ, ತಪ್ಪಿದವರೆಷ್ಟು ಅಂತ ಲೆಕ್ಕ ಹಾಕಿ ಸೇರಿಸಬಹುದು. ಅಲ್ಲೀತನಕ ತೊಂದ್ರೆ ಇಲ್ಲ. ಆದ್ರೆ ಇನ್ನೂ ರಶ್ ಆಯ್ತು ಅನ್ನಿ. ಪ್ರತಿಯೊಬ್ಬನೂ ಅವನ ತೋಳು ಜಗ್ಗಿ 'ನಂಗೊಂದು, ನಂಗೊಂದು' ಅಂತಾನೆ. ಜಗ್ಗಿದಾಗೆಲ್ಲ ಕೈ ತಪ್ಪಿ ಅವನು ಮೊದಲಿಂದ ಶುರು ಮಾಡ್ತಾನೆ. ಕೊನೆಗೆ ಒಂದು ಟಿಕೆಟ್ಟೂ ಹರಿಯಲ್ಲ. ಬಸ್ಸು ವಾಲಿಕೊಂಡು ಬರ್ತಿದೆ, ಟಿಕೆಟ್ ನೋಡಿದ್ರೆ ಖಾಲಿ ಬಸ್ಸು! ಈ ಹೊಸ ಮೀಟರೂ ಅಷ್ಟೇ ಸರ್. ಕಿವುಡಾಗಿರುವಾಗ ಬಿದ್ದ ಕಿರಣ ಕಿವುಡನ್ನ ಇನ್ನಷ್ಟು ಎಳೆಯುತ್ತೆ. ಸೋರ್ಸಿಗೆ ತೀರಾ ಹತ್ತಿರ ಹೋದ್ರೆ ಮುಳ್ಳು ಸೊನ್ನೆಗೆ ಬೀಳುತ್ತೆ."

"ಹಳೇದು?"

"ಅದರ ಟ್ಯೂಬೂ ಕಿವುಡಾಗುತ್ತೆ. ಆದ್ರೆ ಟ್ಯೂಬಲ್ಲಿ ಹರಿಯೋ ಕರೆಂಟನ್ನ ನೋಡ್ಕೊಳ್ಳೋಕೆ ಒಂದು ಸರ್ಕ್ಯೂಟ್ ಇದೆ. ಎಣಿಸೋಕೆ ಆಗದಷ್ಟು ರಶ್ ಆದ್ರೆ ಮುಳ್ಳನ್ನ ಕೊನೇ ಗೆರೆಗೆ ಒತ್ತಿ ಹಿಡಿಯುತ್ತೆ. 'ನಂಗೆ ಎಣಿಸೋಕೆ ಆಗ್ತಿಲ್ಲ' ಅಂತ ಬಾಯಿಬಿಟ್ಟು ಹೇಳುತ್ತೆ."

"ಅಂದ್ರೆ ಕೈಲಾಗಲ್ಲ ಅಂತ ಅಳೋ ಮೀಟ್ರು ಒಳ್ಳೇದು, ತೆಪ್ಪಗಿರೋದು ಕೆಟ್ಟದ್ದು. ಚೆನ್ನಾಗಿದೆ ಕಣ್ರೀ ನಿಮ್ಮ ನ್ಯಾಯ!" ಎಂದು ಶ್ರೀನಾಥ ದನಿ ಏರಿಸಿದ. "ಹೊಸದು ಯಾರ್ಡಿಗೆ. ನಿಮ್ಮ ಆ ಅಳುಬುರುಕನ್ನ ನೀವೇ ಇಟ್ಕೊಳ್ಳಿ." ರೇವತಿ ಮತ್ತೆ ಬಾಯಿ ತೆರೆಯಲಿಲ್ಲ. ಎಷ್ಟೋ ಸಲ ಹೇಳಿ ಎಷ್ಟೋ ಸಲ ಬೈಸಿಕೊಂಡವಳು. ಮೌನಂ ಸಮ್ಮತಿ ಲಕ್ಷಣಂ ಎಂದು ಅವನು ಮೇಜು ತಟ್ಟಿ ಎದ್ದ.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಬುದ್ಧಿವಂತನಿಗೆ ಬುದ್ಧಿ ಸುಮ್ಮನಿರಲು ಬಿಡುವುದಿಲ್ಲ. ಯಾರ್ಡಿನ ಕೆಲಸಗಾರ ಶರಣಬಸವ ಮೀಟರನ್ನು ಕೈಯಲ್ಲಿ ಹಿಡಿದು ಹೆಜ್ಜೆ ಹೆಜ್ಜೆಗೂ ನೋಡುತ್ತ ನಡೆಯುವುದರಿಂದ ಹೊತ್ತು ಹಾಳಾಗುತ್ತಿದೆ ಎಂದು ಅವನಿಗೆ ಕಂಡಿತು. "ಬೆಸುಗೆ ಹತ್ರಾನೇ ಒಂದು ಕೊಕ್ಕೆಗೆ ನೇತಾಕು. ಸುತ್ತಿ ಮುಗಿಸ್ಕೊಂಡು ಹೋಗಿ ಒಂದ್ಸಲ ನೋಡು. ಸೊನ್ನೆ ಇದ್ರೆ ಸೋರ್ಸ್ ಒಳಗೆ ಹೋಗಿದೆ ಅಂತ," ಎಂದು ಕಟ್ಟಪ್ಪಣೆ ಮಾಡಿದ. ಸೇಡಂ ಕಡೆಯ ಶರಣಬಸವ, ಕೆ.ಆರ್. ಪುರಂನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ ಸಂಸಾರಸ್ಥ, "ಆಯ್ತ್ರೀ ಸರ್" ಎಂದ. ಅಂದಿನಿಂದ ಮೀಟರು ಕೊಕ್ಕೆಯಲ್ಲಿ ತೂಗಿತು. ಪ್ರತಿ ಸಲ ಹೋಗಿ ನೋಡಿದಾಗಲೂ ಸೊನ್ನೆ. ಸೋರ್ಸ್ ಹೊರಗಿದ್ದಾಗಲೂ ಅದು ಸೊನ್ನೆಯನ್ನೇ ತೋರಿಸುತ್ತಿತ್ತು, ಆದರೆ ಆಗ ಅದನ್ನು ನೋಡಲು ಹತ್ತಿರ ಯಾರೂ ಇರುತ್ತಿರಲಿಲ್ಲ.

ಟಿನ್ ಫ್ಯಾಕ್ಟರಿಯ ಹತ್ತಿರ ತೂಗುಸೇತುವೆ ಕಟ್ಟುತ್ತಿದ್ದ ಕಾಲ ಅದು. ಒಂದು ಶುಕ್ರವಾರ ರೇವತಿ ಮಹದೇವಪುರದ ಒಂದು ಕಾರ್ಖಾನೆಗೆ ಹಳೇ ಮೀಟರು ಹೊತ್ತುಕೊಂಡು ಹೋಗಿದ್ದಳು. ಯಾರ್ಡಿನಲ್ಲಿ ಶರಣಬಸವ ಮಧ್ಯಾಹ್ನದ ಕೊನೆಯ ಬೆಸುಗೆ ಮುಗಿಸಿ ಹ್ಯಾಂಡಲ್ ಸುತ್ತಿದ. ಕೇಬಲ್ಲು ಬಂತು. ಅದರ ತುದಿಯ ಕೊಂಡಿ ಸವೆದು ಬಿಟ್ಟುಕೊಂಡದ್ದರಿಂದ ಸೋರ್ಸ್ ಮಾತ್ರ ನಳಿಕೆಯ ತುದಿಯಲ್ಲೇ ಉಳಿಯಿತು. ಶರಣಬಸವ ಹೋಗಿ ಕೊಕ್ಕೆಯ ಮೀಟರು ನೋಡಿದ. ಸೊನ್ನೆ. ನಳಿಕೆಯ ತುದಿಯನ್ನು ಬೆಸುಗೆಗೆ ಬಿಗಿದಿದ್ದ ಪಟ್ಟಿ ಬಿಚ್ಚಿದ. ಪಕ್ಕದಲ್ಲೇ ಇದ್ದ ಕ್ಯಾಮೆರಾಕ್ಕೂ ಒಮ್ಮೆ ಮೀಟರು ಹಿಡಿಯಬೇಕಲ್ಲ, ಹಿಡಿದ. ಅಲ್ಲೂ ಸೊನ್ನೆ.

"ಸರ್, ಕ್ಯಾಮೆರಾ ಇವತ್ತ ಭಾಳ ತಣ್ಣಗದ ರೀ," ಎಂದು ಶೆಡ್ಡಿನ ಕಡೆ ಕೂಗಿದ. ಸೋರ್ಸ್ ಒಳಗಿದ್ದರೆ ಪೆಟ್ಟಿಗೆಯ ಮೈಮೇಲೆ ಒಂದಿಷ್ಟಾದರೂ ಸೋರುತ್ತದೆ, ಮುಳ್ಳು ಅಲುಗಲೇಬೇಕು. ಅದು ಅವನಿಗೆ ಗೊತ್ತಿತ್ತು.

"ಸೋರ್ಸ್ ಮುದಿಯಾಗಿದೆ ಕಣೋ," ಎಂದ ಶ್ರೀನಾಥ ಕಂಪ್ಯೂಟರಿನಿಂದ ಕಣ್ಣು ಕೀಳದೆ. "ಎರಡೂವರೆ ತಿಂಗಳಿಗೊಮ್ಮೆ ಅರ್ಧ ಆಗುತ್ತಲ್ಲ, ಮುಂದಿನ ತಿಂಗಳು ಹೊಸದು ಬರುತ್ತೆ. ತಣ್ಣಗಿದ್ರೆ ನಿಂಗೇನಪ್ಪ ಕಷ್ಟ?"

ಮಾಲೀಕನೇ ಅಂದ ಮೇಲೆ ಶರಣಬಸವ ಸುಮ್ಮನಾದ. ನಳಿಕೆಯನ್ನು ಕ್ಯಾಮೆರಾದ ಕಡೆಯ ತುದಿ ಹಿಡಿದು ಹಾವಿನ ಹಾಗೆ ಎಳೆದುಕೊಂಡು ಹೋಗಿ, ಎಂದಿನಂತೆ ಮೂಲೆಯ ಬೇವಿನ ಮರದ ಮೊಳೆಗೆ ನೇತುಹಾಕಿದ. ಬೇವಿನ ಬುಡದಲ್ಲಿ ಮುನೇಶ್ವರನ ಮೂರು ಕಲ್ಲು, ಮುಂದೆ ಒಂದು ಗಾರೆ ಕಟ್ಟೆ. ಹೊಲವಿದ್ದ ಕಾಲದ ದೇವರು. ಕಾಂಪೌಂಡು ಹಾಕುವಾಗ ಕಲ್ಲು ಕದಲಿಸಕೂಡದು ಎಂದು ಶ್ರೀನಾಥನ ಅಪ್ಪ ಮುನಿಆಂಜನಪ್ಪ ಹಟ ಹಿಡಿದಿದ್ದರು. ದೇವರ ನೆರಳಲ್ಲಿ ನೇತುಹಾಕಿದರೆ ನಳಿಕೆಗೆ ಬಿಸಿಲು ತಾಗುವುದಿಲ್ಲ, ಕೆಲಸಕ್ಕೂ ಒಳ್ಳೆಯದೆಂದು ಶರಣಬಸವನ ಭಾವನೆ. ನಳಿಕೆಯ ತುದಿ ಮರದ ಹಿಂದೆ ತೂಗಾಡಿತು.

ಶುಕ್ರವಾರವಾದ್ದರಿಂದ ಮುನಿಆಂಜನಪ್ಪ ದೊಮ್ಮಲೂರಿನಿಂದ ಎಣ್ಣೆ ಬತ್ತಿ ಹೂವು ಹಿಡಿದು ಬಂದರು. ಎಪ್ಪತ್ತು ದಾಟಿದ ಜೀವ, ಬಿಳಿ ಪಂಚೆ, ಮಾತು ಕಡಿಮೆ. ಮಗ ಹೊಲ ಬಿಟ್ಟು ಏನೋ ಕಾಣದ ಬೆಳಕಿನ ವ್ಯಾಪಾರ ಮಾಡುತ್ತೇನೆ ಎಂದಾಗಲೂ ಅವರು ಏನೂ ಹೇಳಿರಲಿಲ್ಲ. ಶ್ರೀನಾಥ ಅದನ್ನು ಸಮ್ಮತಿ ಎಂದೇ ಬರೆದುಕೊಂಡಿದ್ದ. ಹೇಳಬೇಕಾದ್ದನ್ನು ಹೇಳಿಬಿಡಬೇಕು, ಅವನು ಒರಟನಿರಬಹುದು, ಆದರೆ ಅಪ್ಪನೆಂದರೆ ಜೀವ. ಅವರು ಬಂದರೆ ತಾನೇ ಎದ್ದು ಹೋಗಿ ಕೈಹಿಡಿದು ಕರೆತರುತ್ತಿದ್ದ.

ಅಂದೂ ಎದ್ದ. ಶರಣಬಸವ ಶೆಡ್ಡಿಗೆ ತಂದಿಟ್ಟಿದ್ದ ಹೊಸ ಮೀಟರನ್ನು ಅಪ್ಪನಿಗೆ ತೋರಿಸಿರಲಿಲ್ಲವೆಂದು ಅದನ್ನೂ ಕೈಗೆತ್ತಿಕೊಂಡ. ಗೇಟಿನಲ್ಲಿ ಅಪ್ಪನನ್ನು ಕೂಡಿಕೊಂಡು ಒಳಗೆ ಹತ್ತಾರು ಹೆಜ್ಜೆ ನಡೆದು, "ನೋಡಪ್ಪ, ಇದೇ ಹೊಸ ಮಿಷಿನ್ನು," ಎಂದು ಮೀಟರಿನ ಮೊಗವನ್ನು ಅವರ ಕಡೆ ತಿರುಗಿಸುತ್ತ ತಾನೂ ಇಣುಕಿದ. ಮುಳ್ಳು ನೆಗೆದು ನಿಂತಿತ್ತು.

ಮೂರ್ಖನಿಗೂ ತಿಳಿಯುವ ವಿಷಯ. ಸೋರ್ಸ್ ಪೆಟ್ಟಿಗೆಯಲ್ಲಿಲ್ಲ, ಹೊರಗೆಲ್ಲೋ ಬಿದ್ದಿದೆ.

"ಶರಣಬಸವಾ! ಗೇಟ್ ಹೊರಗೆ ರಸ್ತೆಗೆ ಹೋಗು! ಯಾರನ್ನೂ ಒಳಗೆ ಬಿಡ್ಬೇಡ!" ಎಂದು ಕೂಗಿ, ಜೇಬಿನ ಮೊಬೈಲಿನಿಂದ ಮಹದೇವಪುರದ ಕಾರ್ಖಾನೆಗೆ ಫೋನ್ ಮಾಡಿದ. ರೇವತಿ ಸಿಕ್ಕಳು. "ಸರ್, ಎಲ್ಲರೂ ದೂರ ಹೋಗಿ, ಯಾರೂ ಹುಡುಕೋಕೆ ಹೋಗ್ಬೇಡಿ, ಆ ಮೀಟರನ್ನ..." ಎನ್ನುವಷ್ಟರಲ್ಲಿ, "ಬೇಗ ಬನ್ರೀ, ಪಾಠ ಆಮೇಲೆ," ಎಂದು ಇಟ್ಟುಬಿಟ್ಟ.

ಈಗ ಅಪ್ಪ. ಮೊದಲು ಅಪ್ಪನನ್ನು ಬಚಾವು ಮಾಡಬೇಕು. ಗೇಟಿನ ಕಡೆ ಮೀಟರು ಹಿಡಿದ, ಮುಳ್ಳು ಮೇಲೆ. ಶೆಡ್ಡಿನ ಕಡೆ ಎರಡು ಹೆಜ್ಜೆ ಇಟ್ಟ, ಮೇಲೆಯೇ. ಬೇವಿನ ಮರದ ಕಡೆ ನಡೆದ. ಮುಳ್ಳು ಇಳಿಯತೊಡಗಿತು. ಇನ್ನೂ ಹತ್ತಿರ ಹೋದ, ಇನ್ನೂ ಇಳಿಯಿತು. ಮುನೇಶ್ವರನ ಕಟ್ಟೆಯ ಬಳಿ ಬಂದಾಗ ಮುಳ್ಳು ಸೊನ್ನೆಯ ಮೇಲೆ ಮಲಗಿಬಿಟ್ಟಿತ್ತು. ಶ್ರೀನಾಥನ ಕಣ್ಣಲ್ಲಿ ನೀರು ಬಂತು. ಇಡೀ ಯಾರ್ಡು ಉರಿಯುತ್ತಿರುವಾಗ ಇದೊಂದು ಜಾಗ ತಣ್ಣಗಿದೆ! ದೇವರಿಲ್ಲ ಎನ್ನುವವರು ಬಂದು ನೋಡಲಿ.

ಓಡಿಹೋಗಿ ಅಪ್ಪನ ತೋಳು ಹಿಡಿದು ಕರೆತಂದು ಕಟ್ಟೆಯ ಮೇಲೆ, ಬೇವಿಗೆ ಒರಗಿಸಿ ಕೂರಿಸಿದ. ಹೆಗಲ ಟವೆಲ್ಲನ್ನು ಹಾಸಿ ಕೂರಿಸಿದ ಎಂಬುದನ್ನೂ ಹೇಳಬೇಕು. "ಇಲ್ಲೇ ಕೂತಿರಪ್ಪ. ಏನಾದ್ರೂ ಏಳ್ಬೇಡ. ಗೇಟಿನ ದಾರೀಲಿ ಜೋರಾಗಿದೆ, ಇಲ್ಲಿ ಪೂರ್ತಿ ಸೊನ್ನೆ."

"ಏನ್ಲಾ ಅದು?" ಎಂದರು ಮುನಿಆಂಜನಪ್ಪ.

"ಒಂದು ವಸ್ತು ಬಿದ್ದೋಗಿದೆ. ಹುಡುಕ್ತೀನಿ. ನೀನು ಮಾತ್ರ ಕದಲ್ಬೇಡ. ನಿನ್ನಾಣೆ."

ಮಗ ಆಣೆ ಇಟ್ಟ ಮೇಲೆ ಮಾತೇನು. ಮುನಿಆಂಜನಪ್ಪ ದೀಪ ಹಚ್ಚಿ, ಕಾಲು ಮಡಚಿಕೊಂಡು ಕೂತರು. ಅವರ ಬೆನ್ನಿನಿಂದ ಎರಡು ಮೊಳ ಹಿಂದೆ, ಮರದ ಆ ಮಗ್ಗುಲಲ್ಲಿ, ನಳಿಕೆಯ ತುದಿ ಗಾಳಿಗೆ ಸಣ್ಣಗೆ ತೂಗುತ್ತಿತ್ತು. ಶ್ರೀನಾಥ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಹಾಗೆ ಪೈಪಿನ ರಾಶಿ, ಶೆಡ್ಡಿನ ಹಿಂಭಾಗ, ಫಿಲ್ಮ್ ತೊಳೆಯುವ ಕತ್ತಲೆ ಕೋಣೆ ಎಲ್ಲ ಸುತ್ತಿದ. ತನ್ನ ಜೀವಕ್ಕೂ ಅಪಾಯವೆಂದು ಗೊತ್ತಿತ್ತು, ಆದರೂ ಸುತ್ತಿದ. ಎದೆಗೆ ಸಿಕ್ಕಿಸಿಕೊಳ್ಳಬೇಕಾದ ಬ್ಯಾಡ್ಜು, ಮೈಗೆ ಎಷ್ಟು ವಿಕಿರಣ ಬಿತ್ತೆಂದು ಲೆಕ್ಕ ಇಡುವಂಥದ್ದು, ಎಂದಿನಂತೆ ಡ್ರಾಯರಿನಲ್ಲಿ ಸುರಕ್ಷಿತವಾಗಿತ್ತು. ಕಟ್ಟೆಯಿಂದ ಯಾವ ದಿಕ್ಕಿಗೆ ಹೋದರೂ ಮುಳ್ಳು ಸ್ವಲ್ಪ ದೂರ ಏರಿ ಮತ್ತೆ ಇಳಿಯುತ್ತಿತ್ತು. ಅಪ್ಪನ ಕಡೆ ತಿರುಗಿ ನೋಡಿದಾಗಲೆಲ್ಲ, ಅವರಾದರೂ ಒಳ್ಳೇ ಜಾಗದಲ್ಲಿದ್ದಾರಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದ.

ಅರ್ಧ ಗಂಟೆಯೊಳಗೆ ರೇವತಿ ಕೈನೆಟಿಕ್ ಹೋಂಡಾದಲ್ಲಿ ಬಂದಳು. ಹಳೇ ಮೀಟರು ರಸ್ತೆಯಲ್ಲೇ ಟಿಕ್ ಟಿಕ್ ಶುರು ಮಾಡಿತ್ತು. ಗೇಟು ದಾಟುವಾಗ ಸಾಸಿವೆ ಸಿಡಿಯಿತು. ಬೇವಿನ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದೇ ತಡ, ಮುಳ್ಳು ಕೊನೆಯ ಗೆರೆಗೆ ಒತ್ತಿ ನಿಂತು ಮೀಟರು ಒಂದೇ ಸಮನೆ ಕಿರುಚತೊಡಗಿತು. ಅವಳು ಹಿಂದೆ ಸರಿದು ತಲೆಯೆತ್ತಿ ನೋಡಿದಳು. ಮರ, ಮೊಳೆ, ನಳಿಕೆ. ಅದರ ಮುಂದೆ ಬಿಳಿ ಪಂಚೆಯ ಯಜಮಾನರು, ಕೈಮುಗಿದುಕೊಂಡು.

"ಯಜಮಾನ್ರೇ! ಎದ್ದು ಬನ್ರೀ! ಬೇಗ ಬನ್ರೀ ಈ ಕಡೆ!"

ಮುನಿಆಂಜನಪ್ಪ ಕದಲಲಿಲ್ಲ. ಮಗನ ಮುಖ ನೋಡಿದರು.

"ಏಳ್ಬೇಡಪ್ಪ!" ಎಂದು ಶ್ರೀನಾಥ ಪೈಪಿನ ರಾಶಿಯ ಕಡೆಯಿಂದ ಕೂಗಿದ. "ರೇವತಿ, ತಲೆ ಕೆಟ್ಟಿದ್ಯೇನ್ರೀ? ಅದೊಂದೇ ಜಾಗ ಸೊನ್ನೆ! ನಾನೇ ನೋಡಿ ಕೂರ್ಸಿದೀನಿ!"

"ಸೊನ್ನೆ ಅಲ್ಲ ಸರ್ ಅದು! ಕಂಡಕ್ಟರ್ ಕೈಗೆ ಟಿಕೆಟ್ ಹರಿಯೋಕೆ ಆಗ್ತಿಲ್ಲ!"

"ನಿಮ್ಮ ಅಳುಬುರುಕು ಎಲ್ಲಿ ಬೇಕಾದ್ರೂ ಅರಚುತ್ತೆ!"

ರೇವತಿಯ ಗಂಟಲು ಅಲ್ಲಿಯವರೆಗೆ ಯಾರೂ ಕೇಳದಷ್ಟು ಜೋರಾಯಿತು. "ಸರ್, ಒಂದೇ ಒಂದು ಹೇಳ್ರೀ! ಆ ಕಟ್ಟೆಯಿಂದ ಗೇಟಿನ ಕಡೆ ಬಂದ್ರೆ ಮುಳ್ಳು ಏರುತ್ತಾ?"

"ಏರುತ್ತೆ!"

"ಶೆಡ್ಡಿನ ಕಡೆ ಹೋದ್ರೆ?"

"ಏರುತ್ತೆ!"

"ಪೈಪಿನ ಕಡೆ?"

"ಅಲ್ಲೂ..." ಎಂದವನು ಅರ್ಧಕ್ಕೆ ನಿಂತ.

"ಇರೋದು ಒಂದೇ ಸೋರ್ಸು ಸರ್. ಅದು ನಾಲ್ಕು ಕಡೆಯೂ ಹೇಗಿರುತ್ತೆ?"

ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಶ್ರೀನಾಥ ಚಿಕ್ಕಂದಿನಿಂದ ಕೇಳಿದ್ದ. ಕೇಳುವುದು ಬೇರೆ. ಅವನ ಕಣ್ಣು ಕಟ್ಟೆಯ ಮೇಲಿನ ದೀಪದಿಂದ ಅಪ್ಪನ ಬೆನ್ನಿಗೆ, ಬೆನ್ನಿನಿಂದ ಮರದ ಹಿಂದೆ ತೂಗುವ ನಳಿಕೆಗೆ ಹೋಯಿತು. ಕೈಯಲ್ಲಿದ್ದ ಮೀಟರು ಎಲ್ಲಿ ಬಿತ್ತೋ ತಿಳಿಯದು. ಚಪ್ಪಲಿ ಒಂದು ಕಡೆ, ತಾನು ಒಂದು ಕಡೆ ಓಡಿದ. ಅಪ್ಪನನ್ನು ಕೈಹಿಡಿದು ಎಬ್ಬಿಸುವಷ್ಟು ತಾಳ್ಮೆ ಇರಲಿಲ್ಲ. ಮಗುವನ್ನು ಎತ್ತುವ ಹಾಗೆ ಎರಡೂ ತೋಳಲ್ಲಿ ಬಾಚಿ ಎತ್ತಿಕೊಂಡು ಗೇಟಿನ ಹೊರಗೆ, ರಸ್ತೆಯ ಆಚೆಗೆ ಹೋಗಿ ನಿಂತ ಮೇಲೇ ಇಳಿಸಿದ್ದು. ಆಮೇಲೆ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ದಾರಿಹೋಕರು ಯಾರೋ ಸತ್ತಿರಬೇಕೆಂದು ನಿಂತು ನೋಡಿದರು.

ಉಳಿದ ಕೆಲಸ ರೇವತಿಯದು. ಉದ್ದನೆಯ ಚಿಮ್ಮಟ, ಸೀಸದ ಡಬ್ಬಿ, ಹಳೇ ಮೀಟರಿನ ಕಿರುಚಾಟ. ಶರಣಬಸವನನ್ನು ಹತ್ತಿರ ಬಿಡಲಿಲ್ಲ, ಅವನ ಕೈಗೆ ಅಂದಿನ ಪಾಲು ಆಗಲೇ ಸಾಕಾಗಿತ್ತು. ಅವಳು ಸರಸರನೆ ಹೋಗಿ ಸೋರ್ಸನ್ನು ಡಬ್ಬಿಗಿಳಿಸಿ ಮುಚ್ಚಿದಾಗ ಕಿರುಚಾಟ ಟಿಕ್ ಟಿಕ್ಕಿಗೆ ಇಳಿಯಿತು. ಶ್ರೀನಾಥನಿಗೆ ಜೀವಮಾನದಲ್ಲಿ ಮೊದಲ ಸಲ ಆ ಸದ್ದು ಹಿತವಾಗಿ ಕೇಳಿತು.

ದೂರ, ಹೊತ್ತು, ಸೋರ್ಸಿನ ಬಲ ಎಲ್ಲ ಕೂಡಿಸಿ ಗುಣಿಸಿ ರೇವತಿ ಲೆಕ್ಕ ಹೇಳಿದಳು. ಸಾಮಾನ್ಯ ಮನುಷ್ಯನೊಬ್ಬನ ಮೇಲೆ ಹಲವಾರು ವರ್ಷಗಳಲ್ಲಿ ಬೀಳಬಹುದಾದ ವಿಕಿರಣ ಯಜಮಾನರ ಬೆನ್ನಿಗೆ ಅರ್ಧ ಗಂಟೆಯಲ್ಲಿ ಬಿದ್ದಿತ್ತು. ಸೋರ್ಸ್ ಮುದಿಯಾಗಿದ್ದದ್ದೇ ಪುಣ್ಯ, ಹೊಸದಾಗಿದ್ದರೆ ಮಾತೇ ಬೇರೆಯಾಗುತ್ತಿತ್ತು. ಹಲಸೂರಿನ ಡಾಕ್ಟರು ರಕ್ತ ತೆಗೆದು ನೋಡಿ, ಏನೂ ಆಗುವುದಿಲ್ಲ, ಆದರೂ ತಿಂಗಳು ತಿಂಗಳು ಬನ್ನಿ ಎಂದರು. ಶರಣಬಸವನ ಎರಡು ಬೆರಳು ಆಮೇಲೆ ಕೆಂಪಗಾಗಿ, ಸಿಪ್ಪೆ ಸುಲಿದು, ಹೊಸ ಚರ್ಮ ಬಂತು. ಅವನು ಅದನ್ನು ಬಹಳ ದಿನ ಯಾರಿಗೂ ತೋರಿಸಲಿಲ್ಲ. ಕ್ಯಾಮೆರಾ ತಣ್ಣಗಿದೆ ಎಂದು ತಾನು ಕೂಗಿ ಹೇಳಿದ್ದನ್ನೂ ಅವನು ಎತ್ತಿ ಆಡಲಿಲ್ಲ. ಶ್ರೀನಾಥನಿಗೆ ಅದು ನೆನಪಿತ್ತು.

ಆ ಸಂಜೆ ಡಾಕ್ಟರ ಬಾಗಿಲಲ್ಲಿ ರೇವತಿ ಕೇಳಿದಳು. "ಸರ್, ಆಗಿದ್ದನ್ನೆಲ್ಲ ಬರೆದು ಲೈಸೆನ್ಸ್ ಕೊಟ್ಟವರಿಗೆ ನಾಳೇನೇ ಕಳಿಸ್ಬೇಕು. ಯಾರ್ಡು ಸ್ವಲ್ಪ ದಿನ ಮುಚ್ಚಿಸ್ತಾರೆ. ಕಳಿಸ್ಲಾ?"

ಶ್ರೀನಾಥ ಬಾಯಿ ತೆರೆದ, ಮುಚ್ಚಿದ. ಮುಚ್ಚಿಹಾಕುವ ಆಸೆ ಗಂಟಲವರೆಗೂ ಬಂದಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಮಾತು ಹೊರಡಲಿಲ್ಲ.

"ಮೌನಂ ಸಮ್ಮತಿ ಲಕ್ಷಣಂ ಅಲ್ವಾ ಸರ್?" ಎಂದು ರೇವತಿ ಕೈನೆಟಿಕ್ ಹತ್ತಿದಳು.

ಮಾರುತಿ ವ್ಯಾನಿನಲ್ಲಿ ಅಪ್ಪ ಮಗ ಇಬ್ಬರೇ. ಹಲಸೂರಿನ ಕೆರೆ ದಾಟಿತು, ಇಂದಿರಾನಗರ ದಾಟಿತು. ಮುನಿಆಂಜನಪ್ಪ ಕಿಟಕಿಯಾಚೆ ನೋಡುತ್ತಿದ್ದರು, ಒಂದು ಮಾತಿಲ್ಲ. ಎಷ್ಟೋ ವರ್ಷಗಳಿಂದ ಆ ಮೌನವನ್ನು ಕೈಗೆತ್ತಿಕೊಂಡು, ಸೊನ್ನೆ ಎಂದು ಓದಿ, ನಿಶ್ಚಿಂತೆಯಿಂದ ಇದ್ದವನು ಶ್ರೀನಾಥ. ಅಂದು ಅದು ಸೊನ್ನೆಯ ಮೌನವೋ ತುಂಬಿ ಬಂದ ಮೌನವೋ ಅವನಿಗೆ ತಿಳಿಯಲಿಲ್ಲ. ಅಳೆಯಲು ಕೈಯಲ್ಲಿ ಯಾವ ಮೀಟರೂ ಇರಲಿಲ್ಲ. ಬೈಯಲಿ ದೇವರೇ, ಕೆನ್ನೆಗೆ ಬಾರಿಸಲಿ ಎಂದು ಸಿಗ್ನಲ್ಲು ಸಿಗ್ನಲ್ಲಿಗೂ ಬೇಡಿಕೊಂಡ.

"ಅಪ್ಪ, ಏನಾದ್ರೂ ಮಾತಾಡಪ್ಪ," ಎಂದ ಕೊನೆಗೆ.

"ಮುಂದೆ ನೋಡ್ಕೊಂಡು ಓಡ್ಸು," ಎಂದರು ಅವರು.

ದೊಮ್ಮಲೂರಿನ ಮನೆ ಬಂತು. ಅಣ್ಣಮ್ಮ ಬಾಗಿಲಲ್ಲೇ ನಿಂತಿದ್ದರು. "ಯಾಕೆ ಇಷ್ಟೊತ್ತು? ಪೂಜೆಗೋದೋರು ಅಲ್ಲೇ ಮನೆ ಮಾಡ್ಬಿಟ್ರಾ?" ಎಂದು ಗಂಡನನ್ನು ಕೇಳಿದರು.

ಮುನಿಆಂಜನಪ್ಪ ಮೆಟ್ಟಿಲ ಮೇಲೆ ನಿಂತು, ಮಗನ ಹೆಗಲ ಟವೆಲ್ಲನ್ನು ಜೋಪಾನವಾಗಿ ಮಡಚಿ ಅವನ ಕೈಗೆ ಕೊಟ್ಟರು. ಆ ಗಡಿಬಿಡಿಯಲ್ಲೂ ಅದನ್ನು ಬಿಡದೆ ಹಿಡಿದುಕೊಂಡೇ ಬಂದಿದ್ದರು.

"ತಡ ಆಯ್ತು ಕಣಮ್ಮಿ," ಎಂದರು. "ನಿನ್ ಮಗ ನಂಗೆ ಒಳ್ಳೇ ಜಾಗ ನೋಡಿ, ಟವೆಲ್ ಹಾಸಿ ಕೂರ್ಸಿದ್ದ."